ಪ್ರೋಬ್, ನ್ಯಾಬ್, ಕ್ವಿಟ್, ರೌ: ಇಂಗ್ಲಿಷ್ ತಲೆಬರಹಗಳನ್ನು ಬಿಡಿಸಿ ಓದುವ ಬಗೆ

ಇಂಗ್ಲಿಷ್ ಪತ್ರಿಕೆಗಳ ಮುಖಪುಟದಲ್ಲಿ ದಿನವೂ ಕಾಣುವ ಕೆಲವು ಪದಗಳನ್ನು ಇಂಗ್ಲಿಷ್ ಮಾತನಾಡುವವರೇ ಬಾಯಲ್ಲಿ ಬಳಸುವುದು ಕಡಿಮೆ. ಕಚೇರಿಯಲ್ಲಿ ಹಣ ಕಳುವಾದರೆ ವಿಚಾರಣೆ ನಡೆಯುತ್ತಿದೆ ಎನ್ನುತ್ತಾರೆ, ‘ಪ್ರೋಬ್’ ನಡೆಯುತ್ತಿದೆ ಎನ್ನುವುದಿಲ್ಲ. ಅದೇ ಸುದ್ದಿ ಅಚ್ಚಿಗೆ ಹೋದೊಡನೆ ವಿಚಾರಣೆ ‘ಪ್ರೋಬ್’ ಆಗುತ್ತದೆ, ಬಂಧನ ‘ನ್ಯಾಬ್’ ಆಗುತ್ತದೆ, ರಾಜೀನಾಮೆ ‘ಕ್ವಿಟ್’ ಆಗುತ್ತದೆ, ವಿವಾದ ‘ರೌ’ ಆಗುತ್ತದೆ. ನಿಘಂಟು ತೆರೆದರೆ ಇವುಗಳ ಅರ್ಥ ಸಿಗುತ್ತದೆ. ಆದರೆ ತಲೆಬರಹದಲ್ಲಿ ಅವು ಎಷ್ಟು ಹೇಳುತ್ತವೆ, ಎಷ್ಟನ್ನು ಹೇಳದೆ ಬಿಡುತ್ತವೆ ಎಂಬುದು ಅಲ್ಲಿ ಸಿಗುವುದಿಲ್ಲ. ಸ್ಪರ್ಧಾತ್ಮಕ ಪರೀಕ್ಷೆಗೆ ಪತ್ರಿಕೆ ಓದುವವರಿಗೂ ಇಂಗ್ಲಿಷ್ ಸುದ್ದಿಯನ್ನು ಕನ್ನಡಕ್ಕೆ ತರುವವರಿಗೂ ಎಡವಟ್ಟಾಗುವುದು ಇಲ್ಲಿಯೇ.

ಈ ಪದಗಳು ಯಾಕೆ ಹುಟ್ಟಿಕೊಂಡವು

ಕಾರಣ ಜಾಗ. ಅಚ್ಚುಮೊಳೆಯ ಕಾಲದಲ್ಲಿ ಉಪಸಂಪಾದಕರು ತಲೆಬರಹ ಬರೆಯುವಾಗ ಅಕ್ಷರಗಳನ್ನು ಎಣಿಸುತ್ತಿದ್ದರು. ಎಲ್ಲ ಅಕ್ಷರಗಳಿಗೂ ಒಂದೇ ಲೆಕ್ಕ ಇರಲಿಲ್ಲ. ಸಾಮಾನ್ಯವಾಗಿ ಸಣ್ಣಕ್ಷರಕ್ಕೆ ಒಂದು ಅಂಕ. ಐ, ಎಲ್, ಟಿ, ಎಫ್, ಜೆ ಎಂಬ ತೆಳು ಅಕ್ಷರಗಳಿಗೆ ಅರ್ಧ. ಎಂ ಮತ್ತು ಡಬ್ಲ್ಯು ಅಗಲವಾದ್ದರಿಂದ ಒಂದೂವರೆ. ಕಾಲಂ ಇಂತಿಷ್ಟು ಅಂಕವನ್ನಷ್ಟೇ ಹಿಡಿಯುತ್ತಿತ್ತು, ಒಂದು ಅಂಕ ಹೆಚ್ಚಾದರೂ ಸಾಲು ಕೂರುತ್ತಿರಲಿಲ್ಲ.

ಈ ಲೆಕ್ಕದಲ್ಲಿ ‘ಇನ್ವೆಸ್ಟಿಗೇಷನ್’ ಹತ್ತೂವರೆ ಅಂಕ ತಿನ್ನುತ್ತದೆ, ‘ಪ್ರೋಬ್’ ಐದಕ್ಕೆ ಮುಗಿಯುತ್ತದೆ. ‘ಕಾಂಟ್ರೊವರ್ಸಿ’ಗೂ ಹತ್ತೂವರೆ ಬೇಕು, ‘ರೌ’ಗೆ ಮೂರೂವರೆ ಸಾಕು. ‘ಅರೆಸ್ಟ್’ ಐದೂವರೆ, ‘ನ್ಯಾಬ್’ ಮೂರು. ‘ರಿಸೈನ್’ ಐದೂವರೆ, ‘ಕ್ವಿಟ್’ ಮೂರೇ ಮೂರು. ಹೀಗಾಗಿ ಇವು ತಲೆಬರಹಕ್ಕೆ ಬಂದದ್ದು ಅಳತೆಗೆ ಹೊಂದಿದವು ಎಂಬ ಕಾರಣಕ್ಕೆ. ನಿಖರತೆಯ ಪ್ರಶ್ನೆ ಆಮೇಲಿನದು. ಈಗ ಪರದೆಯ ಮೇಲೆ ಜಾಗದ ಅಭಾವ ಅಷ್ಟಿಲ್ಲ. ಆದರೂ ಪದಗಳು ಹೋಗಿಲ್ಲ. ಉಪಸಂಪಾದಕರ ಡೆಸ್ಕಿನ ಕೈಗೆ ಅಭ್ಯಾಸವಾಗಿಬಿಟ್ಟಿವೆ.

ಮೊದಲ ಹೆಜ್ಜೆ: ಕ್ರಿಯಾಪದ ಎಲ್ಲಿದೆ ಎಂದು ಹುಡುಕಿ

ತಲೆಬರಹದ ಇಂಗ್ಲಿಷಿಗೆ ತನ್ನದೇ ಕಾಲಪದ್ಧತಿ ಇದೆ. ವರ್ತಮಾನ ಕಾಲದಲ್ಲಿ ಬರೆದದ್ದು ನಡೆದುಹೋದ ಸಂಗತಿ. ‘ಮಿನಿಸ್ಟರ್ ಕ್ವಿಟ್ಸ್’ ಎಂದರೆ ಸಚಿವರು ನಿನ್ನೆಯೋ ಇಂದು ಬೆಳಿಗ್ಗೆಯೋ ರಾಜೀನಾಮೆ ಕೊಟ್ಟಾಗಿದೆ. ‘ಮಿನಿಸ್ಟರ್ ಟು ಕ್ವಿಟ್’ ಎಂದರೆ ಮುಂದೆ ಕೊಡಲಿದ್ದಾರೆ. ಆ ‘ಟು’ ಭವಿಷ್ಯದ ಗುರುತು. ಭೂತಕಾಲದಂತೆ ಕಾಣುವ ರೂಪ ಬಂದರೆ ಅದು ಬಹುಪಾಲು ಕರ್ಮಣಿ ಪ್ರಯೋಗ: ‘ತ್ರೀ ನ್ಯಾಬ್ಡ್’ ಎಂದರೆ ಮೂವರು ಹಿಡಿದರು ಎಂದಲ್ಲ, ಮೂವರನ್ನು ಹಿಡಿಯಲಾಯಿತು ಎಂದು. ನಡುವೆ ಇರಬೇಕಾದ ಸಹಾಯಕ ಕ್ರಿಯಾಪದವನ್ನು ಜಾಗ ಉಳಿಸಲು ಕಿತ್ತುಹಾಕಿರುತ್ತಾರೆ.

ಇದನ್ನು ಗಮನಿಸದಿದ್ದರೆ ಅರ್ಥ ತಲೆಕೆಳಗಾಗುತ್ತದೆ. ‘ಕಾಪ್ ನ್ಯಾಬ್ಸ್ ಥೀಫ್’ ಎಂದರೆ ಪೊಲೀಸ್ ಸಿಬ್ಬಂದಿ ಕಳ್ಳನನ್ನು ಹಿಡಿದರು. ‘ಕಾಪ್ ನ್ಯಾಬ್ಡ್ ಇನ್ ಥೆಫ್ಟ್ ಕೇಸ್’ ಎಂದರೆ ಕಳವು ಪ್ರಕರಣದಲ್ಲಿ ಪೊಲೀಸ್ ಸಿಬ್ಬಂದಿಯೇ ಸೆರೆಯಾದರು. ವ್ಯತ್ಯಾಸವೆಲ್ಲ ಕ್ರಿಯಾಪದದ ಬಾಲದಲ್ಲಿದೆ.

‘ಪ್ರೋಬ್’ ಇನ್ನೂ ತಂಟೆಕೋರ ಪದ, ಏಕೆಂದರೆ ಅದು ನಾಮಪದವೂ ಹೌದು, ಕ್ರಿಯಾಪದವೂ ಹೌದು. ‘ಪೊಲೀಸ್ ಪ್ರೋಬ್ ಮರ್ಡರ್’ ಎಂಬಲ್ಲಿ ಅದು ಕ್ರಿಯಾಪದ: ಪೊಲೀಸರು ಕೊಲೆಯ ತನಿಖೆ ನಡೆಸುತ್ತಿದ್ದಾರೆ. ‘ಪೊಲೀಸ್ ಪ್ರೋಬ್ ಆರ್ಡರ್ಡ್’ ಎಂಬಲ್ಲಿ ನಾಮಪದ: ಪೊಲೀಸ್ ತನಿಖೆಗೆ ಆದೇಶವಾಗಿದೆ. ಒಂದು ಸಾಲಿನಲ್ಲಿ ಕ್ರಿಯಾಪದದಂತೆ ಕಾಣುವ ಎರಡು ಪದಗಳಿದ್ದರೆ ಅವುಗಳಲ್ಲಿ ಒಂದು ಸಾಮಾನ್ಯವಾಗಿ ವೇಷ ಹಾಕಿಕೊಂಡ ನಾಮಪದವೋ ವಿಶೇಷಣವೋ ಆಗಿರುತ್ತದೆ.

ಹೀಗೆ ತಪ್ಪು ಓದಿಗೆ ಎಡೆಕೊಡುವ ತಲೆಬರಹಕ್ಕೆ ಪತ್ರಕರ್ತರ ವಲಯದಲ್ಲಿ ಒಂದು ಹೆಸರೇ ಇದೆ: ‘ಕ್ರ್ಯಾಶ್ ಬ್ಲಾಸಮ್’. 2009ರಲ್ಲಿ ಜಪಾನಿನ ಇಂಗ್ಲಿಷ್ ಸುದ್ದಿತಾಣವೊಂದು ‘ವಯೊಲಿನಿಸ್ಟ್ ಲಿಂಕ್ಡ್ ಟು ಜೆಎಎಲ್ ಕ್ರ್ಯಾಶ್ ಬ್ಲಾಸಮ್ಸ್’ ಎಂದು ಬರೆಯಿತು. 1985ರ ಜಪಾನ್ ಏರ್‌ಲೈನ್ಸ್ ವಿಮಾನ ದುರಂತದಲ್ಲಿ ತಂದೆಯನ್ನು ಕಳೆದುಕೊಂಡ ಪಿಟೀಲು ವಾದಕಿ ಕಲೆಯಲ್ಲಿ ಅರಳುತ್ತಿದ್ದಾಳೆ ಎಂಬುದು ಸುದ್ದಿ. ಓದಿದವರಿಗೆ ಮಾತ್ರ ವಾದಕಿಗೂ ‘ಅಪಘಾತದ ಹೂಗಳಿಗೂ’ ಏನೋ ನಂಟಿದೆ ಎಂಬಂತೆ ಕಂಡಿತು. ನಿಜವಾದ ಕ್ರಿಯಾಪದ ಕೊನೆಯ ಪದ. ‘ಲಿಂಕ್ಡ್’ ಎಂಬುದನ್ನು ಕ್ರಿಯಾಪದವೆಂದು ಹಿಡಿದವರು ದಾರಿ ತಪ್ಪಿದರು. ಆದ್ದರಿಂದ ಮೊದಲು ಸಿಕ್ಕ ಕ್ರಿಯಾರೂಪಕ್ಕೇ ತೃಪ್ತರಾಗದೆ ಸಾಲಿನ ಕೊನೆಯವರೆಗೆ ಕಣ್ಣು ಹಾಯಿಸಬೇಕು.

ಎರಡನೆಯ ಹೆಜ್ಜೆ: ನಾಮಪದಗಳ ಸಾಲಿಗೆ ವಿಭಕ್ತಿ ಹಚ್ಚಿ

‘ಸ್ಕೂಲ್ ಬಸ್ ಫೈರ್ ಪ್ರೋಬ್ ರಿಪೋರ್ಟ್’. ಐದು ನಾಮಪದಗಳು ಒಂದರ ಹಿಂದೆ ಒಂದು, ನಡುವೆ ಒಂದೂ ಸಂಬಂಧಸೂಚಕ ಇಲ್ಲ. ಇಂಥವನ್ನು ಹಿಂದಿನಿಂದ ಮುಂದಕ್ಕೆ ಓದಿ ಎಂದು ಇಂಗ್ಲಿಷ್ ವ್ಯಾಕರಣ ಪುಸ್ತಕಗಳು ಹೇಳುತ್ತವೆ. ವರದಿ, ಯಾವುದರ ವರದಿ, ತನಿಖೆಯದು, ಯಾವುದರ ತನಿಖೆ, ಹೀಗೆ.

ಕನ್ನಡಿಗರಿಗೆ ಆ ಸರ್ಕಸ್ ಬೇಕಿಲ್ಲ ಎಂಬುದು ನನ್ನ ಅಭಿಪ್ರಾಯ. ನಮ್ಮ ಭಾಷೆಯಲ್ಲಿ ವಿಶೇಷಣ ಯಾವಾಗಲೂ ಮೊದಲು ಬರುತ್ತದೆ, ಮುಖ್ಯ ನಾಮಪದ ಕೊನೆಗೆ. ಆದ್ದರಿಂದ ಇದ್ದ ಕ್ರಮದಲ್ಲೇ ಓದುತ್ತಾ ಹೋಗಬಹುದು: ಶಾಲಾ ಬಸ್ಸಿಗೆ ತಗುಲಿದ ಬೆಂಕಿಯ ಕುರಿತ ತನಿಖೆಯ ವರದಿ. ಮಾಡಬೇಕಾದ ಕೆಲಸ ಒಂದೇ: ಪ್ರತಿ ಎರಡು ಪದಗಳ ನಡುವೆ ಯಾವ ವಿಭಕ್ತಿ ಹೊಂದುತ್ತದೆ ಎಂದು ಯೋಚಿಸುವುದು.

ಕಷ್ಟ ಬರುವುದು ಎರಡು ವಿಭಕ್ತಿಗಳು ಹೊಂದಿದಾಗ. ಅಮೆರಿಕದಲ್ಲಿ ರಾಬರ್ಟ್ ಮುಲ್ಲರ್ ಅವರನ್ನು 2017ರ ಮೇ 17ರಂದು ವಿಶೇಷ ತನಿಖಾಧಿಕಾರಿಯಾಗಿ ನೇಮಿಸಲಾಯಿತು, 2019ರ ಮಾರ್ಚ್ 22ರಂದು ಅವರು ವರದಿ ಒಪ್ಪಿಸಿದರು. ಆ ಅವಧಿಯುದ್ದಕ್ಕೂ ತಲೆಬರಹಗಳಲ್ಲಿ ಆ ಕೆಲಸದ ಹೆಸರು ‘ರಷ್ಯಾ ಪ್ರೋಬ್’. ಹಿನ್ನೆಲೆ ಗೊತ್ತಿಲ್ಲದವರು ರಷ್ಯಾ ನಡೆಸಿದ ತನಿಖೆ ಎಂದೂ ಓದಬಹುದು, ರಷ್ಯಾದಲ್ಲಿ ನಡೆದ ತನಿಖೆ ಎಂದೂ ಓದಬಹುದು. ವಾಸ್ತವದಲ್ಲಿ ಅದು 2016ರ ಅಮೆರಿಕದ ಅಧ್ಯಕ್ಷೀಯ ಚುನಾವಣೆಯಲ್ಲಿ ರಷ್ಯಾ ನಡೆಸಿದ ಹಸ್ತಕ್ಷೇಪವನ್ನು ಕುರಿತ ತನಿಖೆ. ‘ಪ್ರೋಬ್’ ಪದಕ್ಕಿಂತ ಮೊದಲು ಬರುವ ಹೆಸರು ತನಿಖೆ ಮಾಡುವವರದೂ ಆಗಿರಬಹುದು, ತನಿಖೆಗೆ ಒಳಗಾದವರದೂ ಆಗಿರಬಹುದು. ತಲೆಬರಹ ಅದನ್ನು ಬಿಡಿಸಿ ಹೇಳುವುದಿಲ್ಲ.

ಮೂರನೆಯ ಹೆಜ್ಜೆ: ಗಿಡ್ಡಪದ ಎಷ್ಟು ಅಗಲ ಎಂದು ಕೇಳಿ

ಪ್ರೋಬ್ ಎಂಬುದು ಮೂಲದಲ್ಲಿ ಗಾಯದ ಆಳ ನೋಡಲು ವೈದ್ಯರು ಬಳಸುವ ಕಡ್ಡಿಯ ಹೆಸರು. ಬಾಹ್ಯಾಕಾಶ ನೌಕೆಗೂ ಅದೇ ಹೆಸರು. ‘ಮಾರ್ಸ್ ಪ್ರೋಬ್’ ಎಂದು ಕಂಡರೆ ಮಂಗಳ ಗ್ರಹಕ್ಕೆ ಕಳುಹಿಸಿದ ಯಂತ್ರ, ತನಿಖೆಯಲ್ಲ. ರಾಜಕೀಯ ಸುದ್ದಿಯಲ್ಲಿ ಅದು ಪೊಲೀಸ್ ತನಿಖೆ, ನ್ಯಾಯಾಂಗ ತನಿಖೆ, ಶಾಸನಸಭೆಯ ಸಮಿತಿಯ ಪರಿಶೀಲನೆ, ಕಂಪನಿಯೊಂದರ ಆಂತರಿಕ ವಿಚಾರಣೆ, ಕೊನೆಗೆ ಪತ್ರಿಕೆಯೇ ನಡೆಸಿದ ಶೋಧ, ಎಲ್ಲವನ್ನೂ ಒಂದೇ ಚೀಲಕ್ಕೆ ಹಾಕುತ್ತದೆ. ಇವುಗಳ ಕಾನೂನು ಬಲದಲ್ಲಿ ಅಜಗಜಾಂತರ ಇದೆ. ಹಾಗಾಗಿ ‘ಪ್ರೋಬ್’ ಕಂಡಾಗ ಎರಡು ಪ್ರಶ್ನೆ ಕೇಳಿಕೊಳ್ಳಬೇಕು. ನಡೆಸುತ್ತಿರುವವರು ಯಾರು? ಯಾವ ಹಂತದಲ್ಲಿದೆ? ಹಂತದ ಸುಳಿವು ಪಕ್ಕದ ಪದದಲ್ಲಿ ಸಿಗುತ್ತದೆ. ‘ಸೀಕ್ಸ್ ಪ್ರೋಬ್’ ಎಂದರೆ ಯಾರೋ ತನಿಖೆಗೆ ಒತ್ತಾಯಿಸಿದ್ದಾರೆ, ಅಷ್ಟೆ. ತನಿಖೆ ಇನ್ನೂ ಇಲ್ಲ. ‘ಪ್ರೋಬ್ ಆರ್ಡರ್ಡ್’ ಎಂದರೆ ಆದೇಶವಾಗಿದೆ, ಶುರುವಾಗಿರಲೇಬೇಕೆಂದಿಲ್ಲ. ‘ಫೇಸಸ್ ಪ್ರೋಬ್’ ಎಂಬುದು ಎಲ್ಲಕ್ಕಿಂತ ಜಾರು: ಈಗಾಗಲೇ ಎದುರಿಸುತ್ತಿರಬಹುದು, ಮುಂದೆ ಎದುರಿಸಬೇಕಾಗಬಹುದು. ಇವುಗಳಲ್ಲಿ ಯಾವುದೂ ತಪ್ಪು ಸಾಬೀತಾಯಿತು ಎಂದು ಹೇಳುವುದಿಲ್ಲ.

ಕ್ವಿಟ್ ಪದದ ಮುಖ್ಯ ಅರ್ಥ ಬಿಟ್ಟುಹೋಗುವುದು. 1942ರ ‘ಕ್ವಿಟ್ ಇಂಡಿಯಾ’ ಚಳವಳಿಯ ಘೋಷಣೆಯನ್ನು ನಾವು ‘ಭಾರತ ಬಿಟ್ಟು ತೊಲಗಿ’ ಎಂದು ಕಲಿತದ್ದು ಅದಕ್ಕೇ. ಬಾಡಿಗೆದಾರರಿಗೆ ಕೊಡುವ ‘ಕ್ವಿಟ್ ನೋಟಿಸ್’ ಮನೆ ಖಾಲಿ ಮಾಡುವ ನೋಟಿಸೇ ಹೊರತು ಯಾರ ರಾಜೀನಾಮೆಯೂ ಅಲ್ಲ. ತಲೆಬರಹದಲ್ಲಿ ಯಾರು ಏನನ್ನು ಬಿಟ್ಟರು ಎಂಬುದೇ ಮುಖ್ಯ. ‘ಕ್ಯಾಪ್ಟನ್ ಕ್ವಿಟ್ಸ್’ ಎಂದರೆ ನಾಯಕತ್ವ ಬಿಟ್ಟಿರಬಹುದು, ಆಟದಲ್ಲಿ ಮುಂದುವರಿಯುತ್ತಿರಬಹುದು. ಶಾಸಕರು ‘ಕ್ವಿಟ್’ ಆದರೆ ಪಕ್ಷ ತೊರೆದರೋ ಸದಸ್ಯತ್ವ ತೊರೆದರೋ ನೋಡಬೇಕು. ‘ಕ್ವಿಟ್ಸ್ ರೇಸ್’ ಎಂದರೆ ಕಣದಿಂದ ಹಿಂದೆ ಸರಿದಿದ್ದಾರೆ. ಕಂಡಲ್ಲೆಲ್ಲ ‘ರಾಜೀನಾಮೆ’ ಎಂದು ಅನುವಾದಿಸುವವರು ಈ ಮೂರರಲ್ಲೂ ತಪ್ಪು ಸುದ್ದಿ ಕೊಟ್ಟಂತಾಗಬಹುದು.

ಬಿಟ್ಟದ್ದು ಯಾವಾಗ ಎಂಬುದೂ ಈ ಪದದಲ್ಲಿಲ್ಲ. ಬ್ರಿಟನ್ನಿನ ಪ್ರಧಾನಿಯಾಗಿದ್ದ ಥೆರೆಸಾ ಮೇ 2019ರ ಮೇ 24ರಂದು ತಮ್ಮ ನಿರ್ಗಮನವನ್ನು ಪ್ರಕಟಿಸಿದರು. ಪಕ್ಷದ ನಾಯಕತ್ವವನ್ನು ಬಿಡುವ ದಿನ ಜೂನ್ 7 ಎಂದು ಹೇಳಿದರು. ಪ್ರಧಾನಿಯಾಗಿ ಅವರು ಮುಂದುವರಿದದ್ದು ಜುಲೈ 24ರವರೆಗೆ, ಬೋರಿಸ್ ಜಾನ್ಸನ್ ಅಧಿಕಾರ ವಹಿಸಿಕೊಳ್ಳುವ ತನಕ. ಪ್ರಕಟಣೆಯ ಮರುದಿನ ‘ಮೇ ಕ್ವಿಟ್ಸ್’ ಎಂದು ಬರೆದರೆ ತಲೆಬರಹದ ಭಾಷೆಯಲ್ಲಿ ತಪ್ಪಿಲ್ಲ. ಆದರೂ ಅದರ ನಂತರ ಎರಡು ತಿಂಗಳ ಕಾಲ ಪ್ರಧಾನಿ ಅವರೇ. ಘೋಷಣೆ, ಪತ್ರ ಸಲ್ಲಿಕೆ, ಅಂಗೀಕಾರ, ಅಧಿಕಾರ ಹಸ್ತಾಂತರ ಎಂಬ ನಾಲ್ಕು ಮೆಟ್ಟಿಲುಗಳಲ್ಲಿ ಯಾವುದರ ಮೇಲೆ ನಿಂತಿದ್ದರೂ ಪತ್ರಿಕೆಗೆ ಅದು ‘ಕ್ವಿಟ್’. ಅವರ ಹೆಸರಂತೂ ಓದುಗರಿಗೆ ಇನ್ನೊಂದು ತಲೆನೋವು: ‘ಮೇ ಕ್ವಿಟ್’ ಎಂದಿದ್ದರೆ ಬಿಡಬಹುದು ಎಂಬ ಸಾಧ್ಯತೆ, ‘ಮೇ ಕ್ವಿಟ್ಸ್’ ಎಂದಿದ್ದರೆ ಮೇ ಎಂಬ ವ್ಯಕ್ತಿ ಬಿಟ್ಟರು ಎಂಬ ಸುದ್ದಿ.

ಇನ್ನೊಂದು ಮಾತು. ಕ್ವಿಟ್ ಎಂದರೆ ತಾವಾಗಿ ಬಿಟ್ಟದ್ದು. ಬಿಡಿಸಿದ್ದಕ್ಕೆ ‘ಸ್ಯಾಕ್’, ‘ಆಕ್ಸ್’, ‘ಔಸ್ಟ್’ ಎಂಬ ಬೇರೆ ಗಿಡ್ಡಪದಗಳಿವೆ. ಒತ್ತಡಕ್ಕೆ ಮಣಿದು ಪತ್ರ ಬರೆದುಕೊಟ್ಟವರೂ ಕ್ವಿಟ್ ಪಟ್ಟಿಗೇ ಸೇರುತ್ತಾರೆ, ಆ ಒತ್ತಡದ ಕಥೆ ಸುದ್ದಿಯ ಒಳಗೆ ಇರುತ್ತದೆ.

ನ್ಯಾಬ್ ಆಡುಮಾತಿನ ಪದ; ‘ಹಿಡಿದರು’ ಎಂಬಷ್ಟೇ ಅದರ ಭಾರ. ಪೊಲೀಸರು ಔಪಚಾರಿಕವಾಗಿ ಬಂಧಿಸಿದ್ದಾರೋ, ವಿಚಾರಣೆಗೆಂದು ವಶಕ್ಕೆ ಪಡೆದಿದ್ದಾರೋ, ಜನರೇ ಹಿಡಿದು ಒಪ್ಪಿಸಿದರೋ, ಅದು ಹೇಳುವುದಿಲ್ಲ. ‘ಹೆಲ್ಡ್’ ಕೂಡ ಇದೇ ಜಾತಿಯದು. ಭಾರತದ ಇಂಗ್ಲಿಷ್ ಪತ್ರಿಕೆಗಳಲ್ಲಿ ಕಾಣುವ ‘ಬುಕ್ಡ್’ ಮಾತ್ರ ಬೇರೆ: ಪ್ರಕರಣ ದಾಖಲಾಗಿದೆ ಎಂದರ್ಥ, ವ್ಯಕ್ತಿ ಹೊರಗೇ ಇರಬಹುದು. ಕ್ರೀಡೆ, ಸಿನಿಮಾ ಪುಟಗಳಲ್ಲಿ ‘ನ್ಯಾಬ್ಸ್ ಗೋಲ್ಡ್’ ಎಂದರೆ ಚಿನ್ನದ ಪದಕ ಗೆದ್ದರು. ಅಲ್ಲಿ ಸರಗಳ್ಳತನ ಹುಡುಕಬೇಡಿ. ನ್ಯಾಬ್ ಪದಕ್ಕೆ ಒಂದು ಕೆಟ್ಟ ಗುಣವಿದೆ. ಅದರಲ್ಲಿ ‘ಕೊನೆಗೂ ಸಿಕ್ಕಿಬಿದ್ದ’ ಎಂಬ ದನಿ ಇರುವುದರಿಂದ ಆರೋಪಿಯನ್ನು ಅಪರಾಧಿಯಂತೆ ತೋರಿಸುತ್ತದೆ. ಕನ್ನಡಕ್ಕೆ ತರುವಾಗ ‘ಬಂಧನ’ ಎಂಬ ತಣ್ಣಗಿನ ಪದವೇ ಲೇಸು, ಅದೂ ಬಂಧನವೆಂದು ಸುದ್ದಿಯಲ್ಲಿ ಖಚಿತವಾಗಿದ್ದರೆ.

ರೌ ಬಗ್ಗೆ ಮೊದಲು ಉಚ್ಚಾರಣೆ. ಸಾಲು ಎಂಬ ಅರ್ಥದಲ್ಲಿ ಅದು ‘ರೋ’, ಜಗಳ ಎಂಬ ಅರ್ಥದಲ್ಲಿ ‘ರೌ’. ಬರವಣಿಗೆ ಒಂದೇ ಆದ್ದರಿಂದ ಸಂದರ್ಭವೇ ಗತಿ: ‘ಇನ್ ಎ’ ಎಂಬುದರ ಜೊತೆ ಗೆಲುವು, ಸೋಲು, ದಿನಗಳ ಲೆಕ್ಕ ಬಂದಿದ್ದರೆ ಸತತ ಎಂಬ ಅರ್ಥ, ‘ಓವರ್’ ಜೊತೆ ಬಂದಿದ್ದರೆ ವಿವಾದ. ಈ ಪದದ ಅಗಲಕ್ಕೆ ಮಿತಿಯೇ ಇಲ್ಲ. ಇಬ್ಬರು ನಾಯಕರು ಒಂದೊಂದು ಹೇಳಿಕೆ ಕೊಟ್ಟರೂ ರೌ, ಎರಡು ದೇಶಗಳು ರಾಯಭಾರಿಗಳನ್ನು ವಾಪಸ್ ಕರೆಸಿಕೊಂಡರೂ ರೌ. ಸಂಪಾದಕರ ಕಣ್ಣಿಗೆ ಬಿದ್ದ ಯಾವುದೇ ಭಿನ್ನಾಭಿಪ್ರಾಯವನ್ನು ಮೂರು ಅಕ್ಷರದಲ್ಲಿ ಜಗಳವಾಗಿಸಬಹುದು. ಆದ್ದರಿಂದ ಸುದ್ದಿಯಲ್ಲಿ ಎದುರಾಳಿ ಪಕ್ಷ ಯಾವುದು ಎಂದು ಹುಡುಕಿ. ಎರಡನೆಯ ಪಕ್ಷದ ಹೆಸರೇ ಇಲ್ಲದೆ ‘ಟೀಕೆ ವ್ಯಕ್ತವಾಗಿದೆ’ ಎಂದು ಮಾತ್ರ ಇದ್ದರೆ ಆ ರೌ ಹೆಚ್ಚುಕಡಿಮೆ ತಲೆಬರಹದಲ್ಲೇ ಹುಟ್ಟಿದ್ದು.

ಇವುಗಳ ಬಳಗ ದೊಡ್ಡದು: ‘ಬಿಡ್’ ಎಂದರೆ ಪ್ರಯತ್ನ, ‘ಮಲ್’ ಎಂದರೆ ಚಿಂತನೆ ನಡೆಸುವುದು, ‘ಐ’ ಎಂದರೆ ಕಣ್ಣಿಡುವುದು, ‘ನಾಡ್’ ಎಂದರೆ ಒಪ್ಪಿಗೆ, ‘ಕರ್ಬ್’ ಎಂದರೆ ನಿರ್ಬಂಧ, ‘ಸ್ಲ್ಯಾಮ್’ ಎಂದರೆ ಟೀಕೆ, ಎಷ್ಟೇ ಮೆಲ್ಲಗಿನದಾದರೂ.

ನಾಲ್ಕನೆಯ ಹೆಜ್ಜೆ: ಕೀಲುಗಳನ್ನು ನೋಡಿ

ಗಿಡ್ಡಪದಗಳಿಗಿಂತ ಹೆಚ್ಚು ಮೋಸ ಮಾಡುವುದು ಅವುಗಳನ್ನು ಜೋಡಿಸುವ ಸಣ್ಣ ಕೊಂಡಿಗಳು. ‘ಕ್ವಿಟ್ಸ್ ಓವರ್ ರೌ’ ಎಂದರೆ ವಿವಾದದ ಕಾರಣಕ್ಕೆ ಬಿಟ್ಟರು. ಕಾರಣ ಹೇಳುವ ಹೊಣೆಯನ್ನು ಪತ್ರಿಕೆ ಹೊತ್ತುಕೊಂಡಿದೆ. ‘ಕ್ವಿಟ್ಸ್ ಆಫ್ಟರ್ ರೌ’ ಎಂದರೆ ವಿವಾದವಾದ ಮೇಲೆ ಬಿಟ್ಟರು, ಕಾಲದ ಸಂಬಂಧ ಮಾತ್ರ. ‘ಕ್ವಿಟ್ಸ್ ಅಮಿಡ್ ರೌ’ ಎಂದರೆ ವಿವಾದ ನಡೆಯುತ್ತಿರುವಾಗ ಬಿಟ್ಟರು, ಕಾರಣ ಅದೇ ಎಂದು ಪತ್ರಿಕೆ ಹೇಳಿಲ್ಲ. ಓದುಗರ ಮನಸ್ಸು ತಾನಾಗಿ ಕಾರಣ ಕಟ್ಟಿಕೊಳ್ಳುತ್ತದೆ ಎಂಬುದು ಡೆಸ್ಕಿಗೆ ಚೆನ್ನಾಗಿ ಗೊತ್ತು. ಸಾಕ್ಷಿ ಸಾಲದಾದಾಗ ‘ಅಮಿಡ್’ ಕೈಹಿಡಿಯುತ್ತದೆ. ಕನ್ನಡದ ‘ನಡುವೆ’ ಅಥವಾ ‘ಬೆನ್ನಲ್ಲೇ’ ಇದೇ ಕೆಲಸ ಮಾಡುತ್ತವೆ. ‘ಹಿನ್ನೆಲೆಯಲ್ಲಿ’ ಎಂದರೆ ಅರ್ಧ ಕಾರಣ ಹೇಳಿದಂತಾಯಿತು, ಅದನ್ನು ‘ಅಮಿಡ್’ಗೆ ಬಳಸಬಾರದು.

ಚಿಹ್ನೆಗಳಿಗೂ ಕೆಲಸವಿದೆ. ಅಲ್ಪವಿರಾಮ ‘ಮತ್ತು’ ಎಂಬುದರ ಬದಲಿಗೆ ಬರುತ್ತದೆ. ಹೆಸರಿನ ಪಕ್ಕದಲ್ಲಿ ಬರುವ ಕೋಲನ್ ಚಿಹ್ನೆ ಆ ವ್ಯಕ್ತಿ ಹೇಳಿದ್ದು ಎಂಬುದನ್ನು ಸೂಚಿಸುತ್ತದೆ. ಒಂದೆರಡು ಪದಗಳಿಗೆ ಮಾತ್ರ ಉದ್ಧರಣ ಚಿಹ್ನೆ ಹಾಕಿದ್ದರೆ ಅದು ಬೇರೆಯವರ ಆರೋಪ, ಪತ್ರಿಕೆ ಅದಕ್ಕೆ ಹೊಣೆಯಲ್ಲ. ಆ ಚಿಹ್ನೆ ಉದುರಿಸಿ ಅನುವಾದಿಸಿದರೆ ಆರೋಪ ವಾಸ್ತವವಾಗಿಬಿಡುತ್ತದೆ.

ಒಂದನ್ನು ಪೂರ್ತಿ ಬಿಡಿಸಿ ನೋಡೋಣ

ಅಭ್ಯಾಸಕ್ಕೆಂದು ಕಟ್ಟಿದ ತಲೆಬರಹ ಇದು: ‘ಬ್ರಿಡ್ಜ್ ಫಂಡ್ ರೌ ಪ್ರೋಬ್ ಪ್ಯಾನೆಲ್ ಚೀಫ್ ಕ್ವಿಟ್ಸ್ ಅಮಿಡ್ ಬಯಾಸ್ ಚಾರ್ಜ್, ಎಕ್ಸ್-ಏಡ್ ನ್ಯಾಬ್ಡ್’.

ಕ್ರಿಯಾಪದಗಳು ಎರಡು: ‘ಕ್ವಿಟ್ಸ್’, ‘ನ್ಯಾಬ್ಡ್’. ಮೊದಲನೆಯದು ನಡೆದುಹೋದದ್ದು, ಎರಡನೆಯದು ಕರ್ಮಣಿ. ನಡುವಿನ ಅಲ್ಪವಿರಾಮ ಎರಡು ಸುದ್ದಿಗಳನ್ನು ಹೊಲಿದಿದೆ. ‘ಪ್ರೋಬ್’ ಇಲ್ಲಿ ನಾಮಪದ, ಏಕೆಂದರೆ ಅದರ ನಂತರವೇ ‘ಪ್ಯಾನೆಲ್’ ಇದೆ. ವಿಭಕ್ತಿ ಹಚ್ಚಿದರೆ ಮೊದಲ ಅರ್ಧ ಹೀಗಾಗುತ್ತದೆ: ಸೇತುವೆ ನಿಧಿಗೆ ಸಂಬಂಧಿಸಿದ ವಿವಾದದ ತನಿಖೆ ನಡೆಸುತ್ತಿರುವ ಸಮಿತಿಯ ಮುಖ್ಯಸ್ಥರು ಹುದ್ದೆ ಬಿಟ್ಟಿದ್ದಾರೆ. ‘ಅಮಿಡ್’ ಇರುವುದರಿಂದ ಪಕ್ಷಪಾತದ ಆರೋಪ ಅದೇ ಸಮಯದಲ್ಲಿ ಕೇಳಿಬಂದಿದೆ, ಅದೇ ಕಾರಣ ಎಂದು ಹೇಳಲಾಗದು. ‘ಚಾರ್ಜ್’ ಎಂಬುದು ಇಲ್ಲಿ ಬಾಯಿಮಾತಿನ ಆರೋಪವೂ ಆಗಿರಬಹುದು. ದೋಷಾರೋಪ ಪಟ್ಟಿ ಎಂದು ಹಾರಬೇಡಿ. ಇನ್ನು ಆ ಮಾಜಿ ಸಹಾಯಕ ಯಾರ ಸಹಾಯಕ? ತಲೆಬರಹ ಓದಿದರೆ ಸಮಿತಿಯ ಮುಖ್ಯಸ್ಥರ ಸಹಾಯಕನೇ ಎಂದು ಕಾಣುತ್ತದೆ. ಆದರೆ ಹಾಗೆಂದು ಎಲ್ಲೂ ಬರೆದಿಲ್ಲ.

ಈಗ ಸುದ್ದಿಯ ಮೊದಲ ಪ್ಯಾರಾಗಳಲ್ಲಿ ಹೀಗಿದೆ ಎಂದುಕೊಳ್ಳಿ: ‘ಸೇತುವೆ ನಿಧಿಯ ಬಳಕೆ ಕುರಿತ ದೂರುಗಳನ್ನು ಪರಿಶೀಲಿಸುತ್ತಿದ್ದ ಮೂವರು ಸದಸ್ಯರ ಸಮಿತಿಯ ಅಧ್ಯಕ್ಷರು ಅನಾರೋಗ್ಯದ ಕಾರಣ ನೀಡಿ ಶುಕ್ರವಾರ ರಾಜೀನಾಮೆ ಪತ್ರ ಕಳುಹಿಸಿದ್ದಾರೆ. ಪತ್ರ ಇನ್ನೂ ಅಂಗೀಕಾರವಾಗಿಲ್ಲ. ಅವರು ಪಕ್ಷಪಾತ ತೋರುತ್ತಿದ್ದಾರೆ ಎಂದು ವಿರೋಧ ಪಕ್ಷ ಕಳೆದ ವಾರ ದೂರಿತ್ತು. ಈ ನಡುವೆ ಗುತ್ತಿಗೆದಾರರ ಮಾಜಿ ಸಹಾಯಕನೊಬ್ಬನನ್ನು ಪೊಲೀಸರು ವಿಚಾರಣೆಗೆ ವಶಕ್ಕೆ ಪಡೆದಿದ್ದಾರೆ.’

ಹೊಂದಿಸಿ ನೋಡಿ. ‘ಕ್ವಿಟ್’ ಎರಡನೆಯ ಮೆಟ್ಟಿಲಲ್ಲೇ ನಿಂತಿದೆ: ಪತ್ರ ಹೋಗಿದೆ, ಅಂಗೀಕಾರವಾಗಿಲ್ಲ. ‘ಪ್ರೋಬ್’ ಎಂದದ್ದು ಪೊಲೀಸ್ ತನಿಖೆಯಲ್ಲ, ಸಮಿತಿಯ ಪರಿಶೀಲನೆ. ‘ರೌ’ಗೆ ಎದುರಾಳಿ ಇದ್ದಾರೆ, ಆದ್ದರಿಂದ ಆ ಪದಕ್ಕೆ ನೆಲೆಯಿದೆ. ‘ನ್ಯಾಬ್ಡ್’ ಎಂದವನ ಬಂಧನ ಇನ್ನೂ ಆಗಿಲ್ಲ, ಮೇಲಾಗಿ ಅವನು ಅಧ್ಯಕ್ಷರ ಸಹಾಯಕನೇ ಅಲ್ಲ. ಇಂಗ್ಲಿಷ್ ತಲೆಬರಹವನ್ನಷ್ಟೇ ನೋಡಿ ‘ಪಕ್ಷಪಾತದ ಆರೋಪ: ತನಿಖಾ ಸಮಿತಿ ಅಧ್ಯಕ್ಷ ರಾಜೀನಾಮೆ, ಆಪ್ತನ ಬಂಧನ’ ಎಂದು ಬರೆದಿದ್ದರೆ ಕಾರಣವೂ ತಪ್ಪು, ಬಂಧನವೂ ತಪ್ಪು, ಆಪ್ತನೂ ತಪ್ಪು. ಸುದ್ದಿಗೆ ನಿಷ್ಠವಾಗಿ, ಅದೇ ಅಳತೆಯಲ್ಲಿ ಹೀಗೆ ಬರೆಯಬಹುದು: ‘ಸೇತುವೆ ನಿಧಿ ವಿವಾದ: ಸಮಿತಿ ಅಧ್ಯಕ್ಷ ರಾಜೀನಾಮೆ ಸಲ್ಲಿಕೆ; ಗುತ್ತಿಗೆದಾರರ ಮಾಜಿ ಸಹಾಯಕ ವಶಕ್ಕೆ’. ಪಕ್ಷಪಾತದ ಆರೋಪಕ್ಕೆ ಜಾಗ ಸಾಲಲಿಲ್ಲ. ಅದನ್ನು ಎರಡನೆಯ ಪ್ಯಾರಾದಲ್ಲಿ, ಯಾರು ಹೇಳಿದ್ದು ಎಂಬುದರ ಸಮೇತ ಕೊಡಬಹುದು.